‘ನಾನೇ ತೆಗೆದ ಫೋಟೋ’ ನಿಜವಾಗಿ ಸ್ಕ್ರೀನ್‌ಶಾಟ್ ಆಗಿದ್ದರೆ ತಿಳಿಯುವುದು ಹೇಗೆ?

‘ಮುಂಡಗೋಡ ರಸ್ತೆಯಲ್ಲಿ ಚಿರತೆ, ಈಗಷ್ಟೇ ನಾನೇ ತೆಗೆದ ಫೋಟೋ’ ಎಂಬ ಸಂದೇಶ ಊರಿನ ವಾಟ್ಸಾಪ್ ಗುಂಪಿಗೆ ಬಂದಿದೆ ಎಂದುಕೊಳ್ಳಿ. ಇದನ್ನು ನಂಬಿದವರು ಸಂಜೆ ಗದ್ದೆಗೆ ನೀರು ಬಿಡಲು ಹೋಗುವುದಿಲ್ಲ, ಮಕ್ಕಳನ್ನೂ ಹೊರಗೆ ಬಿಡುವುದಿಲ್ಲ. ಇಂಥ ಚಿತ್ರ ನೋಡುವಾಗ ನಾವು ಚಿರತೆಗಿಂತ ಮೊದಲು ಚಿತ್ರದ ಅಳತೆ ನೋಡುತ್ತೇವೆ.

ಕ್ಯಾಮೆರಾ ತೆಗೆದ ಫೋಟೋದ ಜೊತೆಗೆ ಫೋನಿನ ಮಾದರಿ, ತೆಗೆದ ಸಮಯ, ಐಎಸ್ಒ, ಶಟರ್ ವೇಗದಂಥ ವಿವರಗಳು ಕಡತದೊಳಗೇ ದಾಖಲಾಗುತ್ತವೆ. ಸ್ಕ್ರೀನ್‌ಶಾಟ್‌ನಲ್ಲಿ ಲೆನ್ಸಿಗೆ ಕೆಲಸವೇ ಇಲ್ಲದ ಕಾರಣ ಐಎಸ್ಒ, ಶಟರ್ ವೇಗ ಇರುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಚಿತ್ರವನ್ನು ಮೇಲಕ್ಕೆ ಸರಿಸಿದರೆ ಈ ವಿವರಗಳು ಕಾಣುತ್ತವೆ.

ಆದರೆ ಇದೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ ಚಿತ್ರಗಳಿಂದ ಸಾಮಾನ್ಯವಾಗಿ ಈ ವಿವರ ಅಳಿಸಿಹೋಗುತ್ತದೆ. ಅಂದರೆ ಅಪ್ಪಟ ಫೋಟೋ ಕೂಡ ಫಾರ್ವರ್ಡ್ ಆದ ಮೇಲೆ ಬರಿಗೈಯಲ್ಲಿರುತ್ತದೆ. ಆಗ ನೆರವಿಗೆ ಬರುವುದು ಅಳತೆ.

ಫೋನ್ ಕ್ಯಾಮೆರಾಗಳು ಸಾಮಾನ್ಯವಾಗಿ 4:3 ಅನುಪಾತದಲ್ಲಿ, ಉದಾಹರಣೆಗೆ 3000×4000 ಪಿಕ್ಸೆಲ್‌ನಲ್ಲಿ ಫೋಟೋ ತೆಗೆಯುತ್ತವೆ. ವಾಟ್ಸಾಪ್ ಅದನ್ನು ಕುಗ್ಗಿಸಿ ಸುಮಾರು 1200×1600 ಮಾಡಿದರೂ ಅನುಪಾತ ಅದೇ ಉಳಿಯುತ್ತದೆ. ಸ್ಕ್ರೀನ್‌ಶಾಟ್‌ನ ಅಳತೆ ಮಾತ್ರ ಪರದೆಯ ಅಳತೆಯೇ. ಈಗಿನ ಹಲವು ಫೋನ್‌ಗಳಲ್ಲಿ ಅದು 1080×2400. ಕುಗ್ಗಿದರೆ 720×1600, ಉದ್ದನೆಯ ಪಟ್ಟಿಯಂತೆ.

ನಮ್ಮ ಚಿರತೆ ಚಿತ್ರ 1080×1317 ಇದೆ ಎನ್ನೋಣ. ಯಾವ ಕ್ಯಾಮೆರಾವೂ ತಾನಾಗಿ 1317 ಎಂಬ ಎತ್ತರ ಕೊಡುವುದಿಲ್ಲ. ಅಗಲ ಮಾತ್ರ ಪರದೆಯ ಅಗಲಕ್ಕೆ ಸರಿಯಾಗಿ ಹೊಂದುತ್ತದೆ. ಸ್ಕ್ರೀನ್‌ಶಾಟ್ ತೆಗೆದು, ಮೇಲಿನ ಗಡಿಯಾರ, ಬ್ಯಾಟರಿ ಗುರುತು ಮತ್ತು ಕೆಳಗಿನ ಗುಂಡಿಗಳನ್ನು ಕತ್ತರಿಸಿರುವ ಸಾಧ್ಯತೆ ಹೆಚ್ಚು. ನಾಲ್ಕೂ ಕಡೆ ಕತ್ತರಿಸಿದ್ದರೆ ಈ ಸುಳಿವೂ ಸಿಗದು. ಇನ್‌ಸ್ಟಾಗ್ರಾಂನಿಂದ ಇಳಿಸಿದ ಚಿತ್ರಗಳೂ 1080 ಅಗಲವಿರುವುದುಂಟು (1080×1350 ಕಂಡರೆ ನಮಗೆ ಮೊದಲು ಬರುವ ಅನುಮಾನ ಅದೇ). ಎರಡರಲ್ಲಿ ಯಾವುದಾದರೂ ‘ಈಗಷ್ಟೇ ತೆಗೆದದ್ದು’ ಎಂಬ ಮಾತಿಗೆ ಹೊಂದುವುದಿಲ್ಲ.

ಹಾಗಾದರೆ ಕಳಿಸಿದವರನ್ನು ಹೀಗೆ ಕೇಳಿ: ‘ಅಣ್ಣಾ, ಒರಿಜಿನಲ್ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸ್ತೀರಾ?’ ಡಾಕ್ಯುಮೆಂಟ್ ಆಗಿ ಬಂದ ಕಡತ ಕುಗ್ಗುವುದಿಲ್ಲ, ಒಳಗಿನ ವಿವರವೂ ಉಳಿಯುತ್ತದೆ. ಅದರಲ್ಲಿ ಫೋನಿನ ಮಾದರಿ, ಐಎಸ್ಒ ಮತ್ತು ಇವತ್ತಿನ ದಿನಾಂಕ ಇದ್ದರೆ ಮಾತಿಗೆ ಬಲ ಬರುತ್ತದೆ. ಆದರೂ ಪೂರ್ತಿ ಖಾತ್ರಿಯಲ್ಲ. ಟಿವಿ ಪರದೆಯ ಮೇಲಿನ ಚಿರತೆಯನ್ನು ಕ್ಯಾಮೆರಾದಲ್ಲಿ ತೆಗೆದರೂ ಈ ಎಲ್ಲ ವಿವರ ಬರುತ್ತದೆ, ಕೆಲವು ಆ್ಯಪ್‌ಗಳಿಂದ ದಿನಾಂಕವನ್ನೂ ಬದಲಿಸಬಹುದು.

ಸ್ಕ್ರೀನ್‌ಶಾಟ್ ಎಂದ ಮಾತ್ರಕ್ಕೆ ಸುದ್ದಿ ಸುಳ್ಳೆಂದೂ ಅಲ್ಲ. ಬೇರೆಯವರು ನಿಜವಾಗಿಯೇ ತೆಗೆದ ಫೋಟೋವನ್ನು ಇವರು ಸ್ಟೇಟಸ್‌ನಿಂದ ಹಿಡಿದಿರಬಹುದು. ಚಿತ್ರ ಮೊದಲು ಯಾವ ಊರಿನದು ಎಂದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಅರಣ್ಯ ಇಲಾಖೆಯವರನ್ನು ಕೇಳಿದ ಮೇಲಷ್ಟೇ ಮುಂದಕ್ಕೆ ಕಳಿಸಿ.