ಬಟ್ಟಲು ಅದೇ, ಸತ್ವ ಹೆಚ್ಚು

ಒಂದೂವರೆ ವರ್ಷದ ಹೆಣ್ಣುಮಗು, ತೂಕ 7.9 ಕಿಲೋ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಕನಿಷ್ಠ 8.1 ಇರಬೇಕಿತ್ತು. ಮನೆಯಲ್ಲಿ ಎಲ್ಲರದೂ ಒಂದೇ ಸಲಹೆ: ‘ಇನ್ನೆರಡು ತುತ್ತು ಹೇಗಾದರೂ ತಿನ್ನಿಸು.’ ಆದರೆ ಇಷ್ಟು ಚಿಕ್ಕವರ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರ್. ಈ ಮಗುವಿಗೆ 240 ಮಿಲಿಲೀಟರ್ ಆಯಿತು, ಒಂದು ಲೋಟಕ್ಕಿಂತ ತುಸು ಹೆಚ್ಚು. ಅದನ್ನು ನೀರೇ ತುಂಬಿಬಿಟ್ಟರೆ ಸತ್ವಕ್ಕೆ ಜಾಗವೆಲ್ಲಿ?

ಬೆಳಗಿನ ರಾಗಿ ಸರಿಯನ್ನೇ ನೋಡಿ. 20 ಗ್ರಾಂ ಹಿಟ್ಟು, ಒಂದು ಲೋಟ ನೀರು, ಚಮಚ ಬೆಲ್ಲ: ಸುಮಾರು 85 ಕ್ಯಾಲೊರಿ, ಪ್ರೋಟೀನ್ ಒಂದೂವರೆ ಗ್ರಾಂ. ಅಷ್ಟೇ ಹಿಟ್ಟನ್ನು ಅರ್ಧ ನೀರು, ಅರ್ಧ ಹಾಲಿನಲ್ಲಿ ಬೇಯಿಸಿ, ಇಳಿಸುವಾಗ ಒಂದು ಟೀ ಚಮಚ ತುಪ್ಪ, ಒಂದು ಚಮಚ ಹುರಿದ ಕಡಲೆಕಾಯಿ ಬೀಜದ ನುಣ್ಣನೆ ಪುಡಿ ಬೆರೆಸಿ. ಬಟ್ಟಲು ಅದೇ, ಕ್ಯಾಲೊರಿ 220ರ ಹತ್ತಿರ, ಪ್ರೋಟೀನ್ ಆರು ಗ್ರಾಂ ಆಸುಪಾಸು. ಕಡಲೆಕಾಯಿ ಮೊದಲ ಸಲವಾದರೆ ಚಿಟಿಕೆಯಷ್ಟೇ ಹಾಕಿ, ಮೈಮೇಲೆ ದದ್ದು, ವಾಂತಿ, ಉಸಿರಿನ ತೊಂದರೆ ಬರುತ್ತದೆಯೇ ಗಮನಿಸಿ. ಇಡೀ ಬೀಜ ಮಾತ್ರ ಕೊಡಲೇಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತುಪ್ಪ ಒಮ್ಮೆಲೇ ಹೆಚ್ಚಾದರೆ ಭೇದಿಯಾದೀತು.

ಹಿಟ್ಟು ಇನ್ನೂ ಹೆಚ್ಚಿಸಿದರೆ ಸರಿ ಮುದ್ದೆಯಾಗುತ್ತದಲ್ಲ? ಅದಕ್ಕೆ ನಮ್ಮ ಅಜ್ಜಿಯಂದಿರ ಮೊಳಕೆ ರಾಗಿ ಹಿಟ್ಟೇ ಉಪಾಯ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಬೆಂದ ದಪ್ಪ ಸರಿ ಸ್ವಲ್ಪ ಆರಿದ ಮೇಲೆ ಅರ್ಧ ಚಮಚ ಕಲಸಿದರೆ ಕೆಲವೇ ನಿಮಿಷದಲ್ಲಿ ತೆಳ್ಳಗಾಗುತ್ತದೆ. ಮತ್ತೊಮ್ಮೆ ಕುದಿಸಿ ಕೊಡಿ. ಮೊಳಕೆ ಕಾಳನ್ನು ಕಪ್ಪಗೆ ಹುರಿದಿದ್ದರೆ ಕಿಣ್ವ ಸತ್ತಿರುತ್ತದೆ, ಸರಿ ತೆಳ್ಳಗಾಗುವುದಿಲ್ಲ.

ಮಧ್ಯಾಹ್ನ ಅನ್ನಕ್ಕೆ ಸಾರಿನ ತಿಳಿ ಕಲಸುವ ರೂಢಿ ನಮ್ಮಲ್ಲಿದೆ. ಪ್ರೋಟೀನ್ ಇರುವುದು ತಳದ ಬೇಳೆಯಲ್ಲಿ. ಅದನ್ನು ಹಿಸುಕಿ ಹಾಕಬೇಕು. ಮೊಟ್ಟೆ ತಿನ್ನುವ ಮನೆಯಾದರೆ ಬೇಯಿಸಿದ ಒಂದು ಮೊಟ್ಟೆಯಲ್ಲೇ ಆರು ಗ್ರಾಂ ಸಿಗುತ್ತದೆ. ಡಬ್ಬಿಯ ಪೌಡರಿಗೆ ದುಡ್ಡು ಸುರಿಯುವ ಮೊದಲು ಇಷ್ಟು ಮಾಡಿ ನೋಡಿ.

ತಿನ್ನಿಸುವ ವಿಷಯಕ್ಕೆ ಬಂದರೆ, ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ ವಿಂಗಡಣೆ ನನಗೆ ಒಪ್ಪಿಗೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರದು, ಎಷ್ಟು ಎಂಬುದು ಮಗುವಿನದು. ಮೂರು ಊಟ, ಎರಡು ತಿಂಡಿ, ನಡುವೆ ಎರಡೂವರೆ–ಮೂರು ಗಂಟೆ ಬಿಡುವು. ಆ ಬಿಡುವಿನಲ್ಲಿ ನೀರು ಬಿಟ್ಟು ಬೇರೇನೂ ಬೇಡ. ಬಿಸ್ಕತ್ತು, ಬಾಟಲಿ ಹಾಲು ಹಸಿವನ್ನೇ ಕೊಲ್ಲುತ್ತವೆ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಸುವಿನ ಹಾಲು ಕುಡಿಯುವ ಮಗು ಊಟ ಬಿಡುತ್ತದೆ, ರಕ್ತಹೀನತೆಯೂ ಬರಬಹುದು. ಮುಖ ತಿರುಗಿಸಿದರೆ, ತುತ್ತನ್ನು ಬಾಯಲ್ಲೇ ಇಟ್ಟುಕೊಂಡರೆ ತಟ್ಟೆ ಎತ್ತಿಬಿಡಿ. ಮೂಗು ಹಿಡಿದು ನುಂಗಿಸಿದ ಮಗು ಮರುದಿನ ಬಟ್ಟಲು ಕಂಡರೇ ಅಳುತ್ತದೆ.

ತಿಂಗಳಿಗೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲೇ ತೂಗಿಸಿ. ಎರಡು ತಿಂಗಳಾದರೂ ತೂಕ ಏರದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಪಾದ ಊದಿದ್ದರೆ, ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಡುಗೆಮನೆಯ ಪ್ರಯೋಗ ಸಾಲದು. ಅಂದೇ ಆಸ್ಪತ್ರೆಗೆ ಹೋಗಬೇಕು.