ಮನೆಮಾತುಗಳಿಗೆ ಒಂದೇ ಖಾನೆ ಸಾಲದು

ಬೆಂಗಳೂರಿನ ಶ್ರೀರಾಂಪುರದಲ್ಲಿ ಐವರು ಇರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜಿಯ ಮಾತು ತಮಿಳು. ಮಗ ಅವರೊಂದಿಗೆ ತಮಿಳಿನಲ್ಲೇ ಮಾತಾಡುತ್ತಾರೆ. ಸೊಸೆ ಕೋಲಾರದ ಕಡೆಯವರು, ತವರಿನ ಮಾತು ತೆಲುಗು. ಗಂಡ ಹೆಂಡತಿಗೆ ಪರಿಚಯವಾದದ್ದು ಗಾರ್ಮೆಂಟ್ಸ್‌ನಲ್ಲಿ, ಕನ್ನಡದಲ್ಲಿ. ಮದುವೆಯಾದ ಮೇಲೂ ಇಬ್ಬರ ನಡುವೆ ಕನ್ನಡವೇ ಉಳಿಯಿತು. ಇಬ್ಬರು ಮಕ್ಕಳು ತಮ್ಮತಮ್ಮಲ್ಲಿ ಆಡುವುದೂ ಜಗಳವಾಡುವುದೂ ಕನ್ನಡದಲ್ಲಿ. ಅಜ್ಜಿ ತಮಿಳಿನಲ್ಲಿ ಕರೆದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ ಬರುತ್ತದೆ. ಇಂಥ ಮನೆಗಳು ಬೆಂಗಳೂರಿನ ಯಾವ ಬೀದಿಯಲ್ಲಾದರೂ ಸಿಗುತ್ತವೆ. ಗಣತಿದಾರರೊಬ್ಬರು ಬಾಗಿಲಲ್ಲಿ ನಿಂತು ಕೇಳಿದರೆ ಮಾತು ಹೀಗೆ ಸಾಗುತ್ತದೆ:

“ಅಮ್ಮ, ನಿಮ್ಮನೇಲಿ ಯಾವ ಭಾಷೆ?”

“ನಮ್ದು ತಮಿಳು ಸರ್. ಎಲ್ಲರಿಗೂ ಅದೇ ಬರ್ಕೊಳಿ.”

“ಮಕ್ಕಳ ಜೊತೆ ಏನು ಮಾತಾಡ್ತೀರಿ?”

“ಅವರ ಜೊತೆ ಕನ್ನಡಾನೇ. ಅವಕ್ಕೆ ತಮಿಳು ಅಷ್ಟು ಬರಲ್ಲ.”

ಎರಡನೆಯ ಪ್ರಶ್ನೆ ಕೇಳದಿದ್ದರೆ ಐವರ ಹೆಸರಿನ ಮುಂದೆಯೂ ತಮಿಳು ಎಂದೇ ಬೀಳುತ್ತಿತ್ತು. ಸೊಸೆಯ ತೆಲುಗು ಕಾಣಿಸುತ್ತಿರಲಿಲ್ಲ. ಆ ಮನೆಯಲ್ಲಿ ದಿನಕ್ಕೆ ಅತಿ ಹೆಚ್ಚು ಹೊತ್ತು ಕೇಳಿಸುವ ಕನ್ನಡವೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸೊಸೆ ಸುಳ್ಳು ಹೇಳಲಿಲ್ಲ. ಪ್ರಶ್ನೆ ಒಂದೇ ಉತ್ತರ ಕೇಳಿತು, ಅವರು ಮನೆತನದ ಗುರುತನ್ನು ಕೊಟ್ಟರು.

ನಮ್ಮ ಜನಗಣತಿ ಕೇಳುವುದು ಮನೆಮಾತನ್ನಲ್ಲ, ಮಾತೃಭಾಷೆಯನ್ನು. ಅದಕ್ಕೆ ಅದರದೇ ವ್ಯಾಖ್ಯೆ ಇದೆ: ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಂದಿಗೆ ಆಡಿದ ಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ, ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಮನೆಯ ಎಲ್ಲರ ಮಾತೃಭಾಷೆ ಒಂದೇ ಆಗಿರಬೇಕಿಲ್ಲ, ಪ್ರತಿಯೊಬ್ಬರನ್ನೂ ಬೇರೆಯಾಗಿ ಕೇಳಿ ಎಂಬ ಸೂಚನೆಯೂ ಗಣತಿದಾರರಿಗೆ ಇರುತ್ತದೆ. ಈ ವ್ಯಾಖ್ಯೆಯನ್ನು ಚಾಚೂತಪ್ಪದೆ ಪಾಲಿಸಿದರೆ ಶ್ರೀರಾಂಪುರದ ಆ ಮಕ್ಕಳ ಮಾತೃಭಾಷೆ ಕನ್ನಡ, ಏಕೆಂದರೆ ತಾಯಿ ಅವರೊಂದಿಗೆ ಆಡುವುದು ಕನ್ನಡ. ಆದರೆ ಮನೆಯವರೊಬ್ಬರು ಎಲ್ಲರ ಪರವಾಗಿ ಉತ್ತರಿಸುವಾಗ, ಗಣತಿದಾರರಿಗೆ ಇನ್ನೂ ಹತ್ತಾರು ಮನೆ ಬಾಕಿ ಇರುವಾಗ, ಮೊದಲ ಹೆಸರಿನ ಮುಂದೆ ಬರೆದದ್ದೇ ಕೆಳಗಿನವರೆಗೂ ಇಳಿಯುವುದು ಸುಲಭ.

ಅದರ ಮುಂದಿನ ಪ್ರಶ್ನೆ, ಗೊತ್ತಿರುವ ಇತರ ಭಾಷೆಗಳು. ಎರಡರವರೆಗೆ ಬರೆಸಬಹುದು. ಇದು ಉಪಯುಕ್ತವೇ, ಆದರೆ ಇದು ತಿಳಿವಳಿಕೆಯ ಪ್ರಶ್ನೆ, ಬಳಕೆಯದಲ್ಲ. ಆಫೀಸಿನಲ್ಲಿ ಮಾತ್ರ ಇಂಗ್ಲಿಷ್ ಆಡುವವರೂ ಮನೆಯಲ್ಲಿ ಮಗಳೊಂದಿಗೆ ಇಂಗ್ಲಿಷ್ ಆಡುವವರೂ ಇಲ್ಲಿ ಒಂದೇ ಸಾಲಿಗೆ ಸೇರುತ್ತಾರೆ. ಮಾರುಕಟ್ಟೆಯಲ್ಲಿ ನಾಲ್ಕು ಮಾತು ಕನ್ನಡ ಆಡುವವರೂ ಕನ್ನಡದಲ್ಲೇ ಸಂಸಾರ ನಡೆಸುವ ತೆಲುಗು ಮನೆತನದವರೂ ಒಂದೇ ಸಾಲು. 2011ರ ಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ಈ ಅಂಕಿಯನ್ನು ಹಿಡಿದು ಎಷ್ಟೋ ವಾದಗಳು ನಡೆದಿವೆ. ಆದರೆ ಎಷ್ಟು ಮನೆಗಳೊಳಗೆ ದಿನವೂ ಕನ್ನಡ ನಡೆಯುತ್ತದೆ ಎಂಬ ಪ್ರಶ್ನೆಗೆ ಆ ಅಂಕಿ ಉತ್ತರವೇ ಅಲ್ಲ, ಏಕೆಂದರೆ ಆ ಪ್ರಶ್ನೆಯನ್ನು ಗಣತಿ ಕೇಳಿಯೇ ಇಲ್ಲ.

ಕೇಳಿರುವ ದೇಶಗಳಿವೆ. ಟೊರೊಂಟೊದಂಥ ನಗರಗಳಲ್ಲಿ ನೂರಾರು ಭಾಷೆಗಳ ವಲಸಿಗರು, ಕನ್ನಡಿಗರೂ ಸೇರಿ, ನೆಲೆಸಿರುವ ಕೆನಡಾದಲ್ಲಿ ಮಾತೃಭಾಷೆಯ ಪ್ರಶ್ನೆ ಬೇರೆ, ಮನೆಮಾತಿನ ಪ್ರಶ್ನೆ ಬೇರೆ. ಮನೆಮಾತಿನದೂ ಎರಡು ಹಂತದ ಪ್ರಶ್ನೆ. ಮೊದಲು ‘ಹೆಚ್ಚಾಗಿ ಯಾವ ಭಾಷೆ’ ಎಂದು ಕೇಳಿ, ಆಮೇಲೆ ‘ಬೇರೆ ಭಾಷೆ ಆಡುವುದುಂಟೇ’ ಎನ್ನುತ್ತಿದ್ದರು. 2021ರಲ್ಲಿ ಈ ಕ್ರಮವನ್ನು ತಿರುಗಿಸಿದರು: ಈ ವ್ಯಕ್ತಿ ಮನೆಯಲ್ಲಿ ನಿಯಮಿತವಾಗಿ ಆಡುವ ಭಾಷೆ ಅಥವಾ ಭಾಷೆಗಳು ಯಾವುವು ಎಂಬುದು ಮೊದಲು, ಅವುಗಳಲ್ಲಿ ಅತಿ ಹೆಚ್ಚು ಆಡುವುದು ಯಾವುದು ಎಂಬುದು ನಂತರ. ಎರಡು ಭಾಷೆ ಸಮಸಮವಾಗಿದ್ದರೆ ಮಾತ್ರ ಎರಡನೆಯ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಬರೆಯಿರಿ ಎಂಬ ಸೂಚನೆಯೂ ಇದೆ.

ಈ ಕ್ರಮದಲ್ಲಿ ಒಂದು ಜಾಣತನವಿದೆ. ‘ಹೆಚ್ಚಾಗಿ ಯಾವುದು’ ಎಂದು ಮೊದಲೇ ಕೇಳಿದರೆ ಒಂದು ಭಾಷೆ ಹೇಳಿದ ಮೇಲೆ ಪ್ರಶ್ನೆ ಮುಗಿಯಿತೆಂದೇ ಅನಿಸಿಬಿಡುತ್ತದೆ. ಮೊದಲು ಎಲ್ಲವನ್ನೂ ಹೇಳಿಸಿದರೆ ಅಜ್ಜಿಯ ತಮಿಳು, ಅಮ್ಮನ ತೆಲುಗು, ಮಕ್ಕಳ ಕನ್ನಡ ಒಂದೊಂದಾಗಿ ಹೊರಬರುತ್ತವೆ. ಆಮೇಲೆ ಯಾವುದು ಹೆಚ್ಚು ಎಂದು ಆರಿಸುವುದು ಸುಲಭ. ಸಿಂಗಪುರವೂ 2020ರ ಗಣತಿಯಲ್ಲಿ ಮನೆಯಲ್ಲಿ ಹೆಚ್ಚು ಆಡುವ ಭಾಷೆಯ ಜೊತೆಗೆ ಎರಡನೆಯದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಹೆಚ್ಚಾಗಿ ಇಂಗ್ಲಿಷ್ ಆಡುತ್ತೇವೆ ಎಂದವರಲ್ಲಿ ಬಹುಪಾಲು ಜನ ಮನೆಯಲ್ಲಿ ಮ್ಯಾಂಡರಿನ್, ಮಲಯ್, ತಮಿಳಿನಂಥ ಇನ್ನೊಂದು ಭಾಷೆಯನ್ನೂ ಇಟ್ಟುಕೊಂಡಿದ್ದಾರೆ ಎಂಬುದು ಆಗ ಕಂಡಿತು. ಒಂದೇ ಉತ್ತರ ಕೇಳಿದ್ದರೆ ಅವೆಲ್ಲ ಬರೀ ಇಂಗ್ಲಿಷ್ ಮನೆಗಳಾಗಿ ದಾಖಲಾಗುತ್ತಿದ್ದವು.

ಇದರಿಂದ ಆಗುವ ವ್ಯತ್ಯಾಸವನ್ನು ಬೆಂಗಳೂರಿನ ಒಂದು ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ನೋಡೋಣ. ಅಂಕಿಗಳು ಲೆಕ್ಕ ತೋರಿಸುವುದಕ್ಕಾಗಿ ನಾನು ಇಟ್ಟುಕೊಂಡವು. 30 ಮಕ್ಕಳಿದ್ದಾರೆ. 8 ಮಕ್ಕಳ ಮನೆಯಲ್ಲಿ ಕನ್ನಡ ಮಾತ್ರ. 7 ಮನೆಗಳಲ್ಲಿ ತೆಲುಗು ಮತ್ತು ಕನ್ನಡ, 5ರಲ್ಲಿ ತಮಿಳು ಮತ್ತು ಕನ್ನಡ, 4ರಲ್ಲಿ ಉರ್ದು ಮತ್ತು ಕನ್ನಡ. 3 ಮನೆಗಳಲ್ಲಿ ಉರ್ದು ಮಾತ್ರ, 2ರಲ್ಲಿ ಹಿಂದಿ ಮಾತ್ರ, ಒಂದರಲ್ಲಿ ತಮಿಳು ಮತ್ತು ತೆಲುಗು. ದಾಖಲಾತಿ ಅರ್ಜಿಯಲ್ಲಿ ಒಂದೇ ಖಾನೆ ಇದ್ದು, ಎರಡು ಭಾಷೆಯ ಮನೆಯವರೆಲ್ಲ ಮನೆತನದ ಭಾಷೆಯನ್ನೇ ಬರೆದರೆ ಕನ್ನಡದ ಮಕ್ಕಳು 8 ಎಂದಾಗುತ್ತದೆ. ಉಳಿದ 22 ಮಕ್ಕಳಿಗೆ ಕನ್ನಡ ಹೊಸದು ಎಂದು ಶಿಕ್ಷಕಿ ತಿಳಿಯುತ್ತಾರೆ.

ಹಲವು ಉತ್ತರಕ್ಕೆ ಜಾಗವಿದ್ದರೆ ಮನೆಯಲ್ಲಿ ಕನ್ನಡ ಕೇಳಿಸುವ ಮಕ್ಕಳು 24. ಕನ್ನಡವೇ ಇಲ್ಲದ ಮನೆಯಿಂದ ಬರುವವರು 6 ಮಂದಿ ಮಾತ್ರ. ಮೊದಲ ಲೆಕ್ಕವನ್ನು ನಂಬಿದರೆ ಪಾಠವೆಲ್ಲ ಅ ಆ ಇ ಈ ಮಾತಿನಿಂದಲೇ ಶುರುವಾಗಬೇಕು. ಎರಡನೆಯದನ್ನು ನೋಡಿದರೆ ಆ ಆರು ಮಕ್ಕಳ ಪಕ್ಕದಲ್ಲಿ ಯಾರನ್ನು ಕೂರಿಸಬೇಕು ಎಂಬುದೂ ಗೊತ್ತಾಗುತ್ತದೆ: ಉರ್ದು ಮಾತ್ರ ಬಲ್ಲ ಮೂವರ ಪಕ್ಕದಲ್ಲಿ, ಉರ್ದು ಕನ್ನಡ ಎರಡೂ ಆಡುವ ನಾಲ್ವರು. ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಅಥವಾ ಮಾತೃಭಾಷೆಯಲ್ಲಿ ಕಲಿಕೆ ನಡೆಯಲಿ ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಆ ಮಾತನ್ನು ನಡೆಸಿಕೊಡಬೇಕಾದ ಶಾಲೆಗೆ ಈ ಎರಡನೆಯ ಲೆಕ್ಕವೇ ಬೇಕು.

ಇಲ್ಲೊಂದು ವಿಷಯ ಗಮನಿಸಬೇಕು. ಭಾಷೆಗಳನ್ನು ಒಂದೊಂದಾಗಿ ಎಣಿಸಿದರೆ ಕನ್ನಡ 24, ತೆಲುಗು 8, ಉರ್ದು 7, ತಮಿಳು 6, ಹಿಂದಿ 2, ಒಟ್ಟು 47. ಮಕ್ಕಳಿರುವುದು 30. ಇದು ತಪ್ಪಲ್ಲ. ನಾವು ಎಣಿಸಿದ್ದು ಭಾಷೆಗಳ ಹಾಜರಿಯನ್ನು, ಮಕ್ಕಳ ತಲೆಯನ್ನಲ್ಲ. ಶೇಕಡಾವಾರು ಹಾಕುವಾಗ ಕೆಳಗಿನ ಅಂಕಿ 30 ಆಗಿಯೇ ಇರಬೇಕು: ಕನ್ನಡ ಕೇಳಿಸುವ ಮನೆಗಳು ಶೇ. 80, ತೆಲುಗಿನವು ಸುಮಾರು ಶೇ. 27. ಮೊತ್ತ ನೂರು ದಾಟಿತೆಂದು ಹೆದರಿ 47ರಿಂದ ಭಾಗಿಸಿದರೆ ಕನ್ನಡ ಶೇ. 51ಕ್ಕೆ ಇಳಿದು, ಯಾರ ಮನೆಯ ಬಗ್ಗೆಯೂ ಏನನ್ನೂ ಹೇಳದ ಅಂಕಿಯಾಗುತ್ತದೆ. ಬಹುಉತ್ತರದ ಸಮೀಕ್ಷೆಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ವರದಿಯಲ್ಲಿ ‘ಈ ಭಾಷೆ ಮಾತ್ರ’ ಮತ್ತು ‘ಈ ಭಾಷೆಯೂ’ ಎಂಬ ಎರಡು ಸಾಲುಗಳನ್ನು ಬೇರೆಬೇರೆ ಕೊಟ್ಟರೆ ಗೊಂದಲ ಉಳಿಯುವುದಿಲ್ಲ.

ನಮೂನೆಯ ರೂಪವೂ ಉತ್ತರವನ್ನು ಬದಲಿಸುತ್ತದೆ. ಹತ್ತು ಭಾಷೆಗಳ ಪಟ್ಟಿ ಕೊಟ್ಟು ‘ಅನ್ವಯಿಸುವುದಕ್ಕೆಲ್ಲ ಟಿಕ್ ಹಾಕಿ’ ಎಂದರೆ ಜನ ಮೇಲಿನ ಒಂದೆರಡಕ್ಕೆ ಗುರುತು ಹಾಕಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಪ್ರತಿ ಭಾಷೆಯ ಮುಂದೆ ಹೌದು, ಇಲ್ಲ ಎಂಬ ಎರಡು ಖಾನೆ ಕೊಟ್ಟರೆ ಪ್ರತಿಯೊಂದರಲ್ಲೂ ಒಂದು ಕ್ಷಣ ನಿಲ್ಲಬೇಕಾಗುತ್ತದೆ, ಒಟ್ಟು ‘ಹೌದು’ಗಳು ಹೆಚ್ಚುತ್ತವೆ. ಸಮೀಕ್ಷಾ ಸಂಶೋಧಕರು ಇದನ್ನು ಮತ್ತೆಮತ್ತೆ ಕಂಡಿದ್ದಾರೆ. ಮಕ್ಕಳ ವಿಷಯದಲ್ಲಿ ಇನ್ನೂ ಒಳ್ಳೆಯ ದಾರಿಯೆಂದರೆ ಭಾಷೆಯ ಬದಲು ಮನುಷ್ಯರಿಂದ ಶುರುಮಾಡುವುದು. ಮಗು ಅಮ್ಮನ ಜೊತೆ ಏನು ಮಾತಾಡುತ್ತದೆ? ಅಪ್ಪನ ಜೊತೆ? ಅಜ್ಜಿ ತಾತನ ಜೊತೆ? ಅಣ್ಣ ತಂಗಿಯರ ಜೊತೆ? ‘ನಿಮ್ಮ ಭಾಷೆ ಯಾವುದು’ ಎಂದಾಗ ಜಾತಿ, ಊರು, ಅಭಿಮಾನ ಎಲ್ಲವೂ ಉತ್ತರದೊಳಗೆ ಬರುತ್ತವೆ. ‘ಅಜ್ಜಿ ಜೊತೆ ಏನು ಮಾತಾಡ್ತಾನೆ’ ಎಂದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ.

‘ಇತರೆ’ ಎಂಬ ಸಾಲನ್ನು ಖಾಲಿ ಬಿಟ್ಟು, ಹೇಳಿದ ಹೆಸರನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ತುಳು, ಕೊಡವ, ಬ್ಯಾರಿ, ಲಂಬಾಣಿ ಆಡುವವರು ಪಟ್ಟಿಯಲ್ಲಿ ತಮ್ಮ ಭಾಷೆ ಕಾಣದಿದ್ದರೆ ಹತ್ತಿರದ ದೊಡ್ಡ ಭಾಷೆಗೆ ಟಿಕ್ ಹಾಕಿಬಿಡುತ್ತಾರೆ. ವಿಂಗಡಣೆ ಆಮೇಲಿನ ಕೆಲಸ. 2011ರ ಗಣತಿಯಲ್ಲಿ ಜನ ಬರೆಸಿದ ಮಾತೃಭಾಷೆಯ ಹೆಸರುಗಳು 19,569. ಅವನ್ನು ಪರಿಶೀಲಿಸಿ 1,369ಕ್ಕೆ ಇಳಿಸಿ, ಕೊನೆಗೆ 121 ಭಾಷೆಗಳ ಕೆಳಗೆ ಗುಂಪು ಮಾಡಿದರು. ಆ ಗುಂಪುಗಳಲ್ಲಿ ಲಂಬಾಣಿ ಹಿಂದಿಯ ಕೆಳಗೆ ಹೋಯಿತು, ಬಡಗ ಕನ್ನಡದ ಕೆಳಗೆ ಬಂತು. ಗುಂಪು ಸರಿಯೋ ತಪ್ಪೋ ಎಂದು ಇಂದು ಚರ್ಚಿಸಲು ಸಾಧ್ಯವಾಗಿರುವುದೇ ಮೂಲ ಹೆಸರುಗಳನ್ನು ಬರೆದಿಟ್ಟುಕೊಂಡಿದ್ದರಿಂದ.

ಎಷ್ಟೇ ಚೆನ್ನಾಗಿ ಕೇಳಿದರೂ ಕೆಲವು ಉತ್ತರ ವಾಲುತ್ತವೆ. 1951ರಲ್ಲಿ ಪಂಜಾಬಿನಲ್ಲಿ ರಾಜ್ಯದ ಗಡಿಯ ವಾದ ನಡೆದಿದ್ದಾಗ, ಮನೆಯಲ್ಲಿ ಪಂಜಾಬಿ ಆಡುವ ಬಹಳಷ್ಟು ಹಿಂದೂಗಳು ಮಾತೃಭಾಷೆ ಹಿಂದಿ ಎಂದು ಬರೆಸಿದ್ದರು. ಬೆಂಗಳೂರಿನಲ್ಲೂ ಕೇಳುವವರು ಯಾರು, ಯಾಕೆ ಕೇಳುತ್ತಿದ್ದಾರೆ ಎಂಬುದರ ಮೇಲೆ ಒಂದು ಭಾಷೆಯನ್ನು ಸೇರಿಸುವ, ಇನ್ನೊಂದನ್ನು ಮುಚ್ಚಿಡುವ ಒತ್ತಡ ಇದ್ದೇ ಇದೆ. ಶಾಲೆ ಕೇಳಿದರೆ ಇಂಗ್ಲಿಷ್ ಸೇರಿಸಿದರೆ ಒಳ್ಳೆಯದೇನೋ ಎಂದು ತಂದೆತಾಯಿಗೆ ಅನಿಸಬಹುದು. ಇದಕ್ಕೆ ಪೂರ್ಣ ಪರಿಹಾರವಿಲ್ಲ, ಆದರೆ ಗುರುತು ಹಿಡಿಯಬಹುದು. ಬೆರಕೆ ಬೀದಿಯೊಂದರಲ್ಲಿ ಬಹುಪಾಲು ಮನೆಗಳಿಗೆ ಒಂದೇ ಭಾಷೆ ಬಿದ್ದಿದ್ದರೆ, ಎಪ್ಪತ್ತರ ಅಜ್ಜಿಗೂ ಆರರ ಮೊಮ್ಮಗನಿಗೂ ಪ್ರತಿ ಮನೆಯಲ್ಲೂ ಒಂದೇ ಉತ್ತರವಿದ್ದರೆ, ಕೇಳದೆ ತುಂಬಿದ್ದಾರೆ ಎಂಬ ಅನುಮಾನಕ್ಕೆ ಕಾರಣವಿದೆ. ಅಂಥ ಕೆಲವು ಮನೆಗಳಿಗೆ ಬೇರೊಬ್ಬರನ್ನು ಕಳಿಸಿ ಮತ್ತೆ ಕೇಳಿಸಬೇಕು. ನಮೂನೆ ಮೊಬೈಲಿನಲ್ಲಿದ್ದರೆ ಎರಡನೆಯ ಭಾಷೆಯನ್ನು ಆರಿಸಿದ ಕೂಡಲೇ ಮೊದಲನೆಯದು ಅಳಿಸಿಹೋಗುತ್ತದೆಯೇ ಎಂಬುದನ್ನೂ ಮೊದಲೇ ಪರೀಕ್ಷಿಸಬೇಕು.

ಮಾತೃಭಾಷೆಯ ಪ್ರಶ್ನೆಯನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ದಶಕಗಳ ಅಂಕಿಗಳನ್ನು ಹೋಲಿಸಲು ಅದು ಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳಿಗೆ ಅದು ಆಧಾರ. ಅದರ ಪಕ್ಕದಲ್ಲಿ ಮನೆಮಾತಿಗೆ ಎರಡು ಸಾಲು ಸೇರಲಿ ಎಂಬುದಷ್ಟೇ ಕೇಳಿಕೆ. ದೇಶದ ಗಣತಿ ನಮ್ಮ ಕೈಯಲ್ಲಿಲ್ಲ. ಶಾಲೆಯ ದಾಖಲಾತಿ ಅರ್ಜಿ, ಅಂಗನವಾಡಿಯ ಪುಸ್ತಕ, ಆಸ್ಪತ್ರೆಯ ಚೀಟಿ, ಅಪಾರ್ಟ್‌ಮೆಂಟ್ ಸಂಘದ ನಮೂನೆ ನಮ್ಮ ಕೈಯಲ್ಲಿವೆ. ಅಲ್ಲಿಂದ ಶುರುವಾಗಲಿ. ಜನಗಣತಿಯ ಗಣತಿದಾರರು ಬಾಗಿಲಿಗೆ ಬಂದಾಗ ‘ಎಲ್ಲರಿಗೂ ಅದೇ ಬರ್ಕೊಳಿ’ ಎನ್ನದೆ, ಅಜ್ಜಿಯದು ಬೇರೆ, ಸೊಸೆಯದು ಬೇರೆ, ಮಕ್ಕಳದು ಬೇರೆ ಎಂದು ಒಬ್ಬೊಬ್ಬರದನ್ನೂ ಹೇಳಿ ಬರೆಸೋಣ. ಈಗಿರುವ ಒಂದೇ ಖಾನೆಯಲ್ಲೂ ಅಷ್ಟು ನಿಜಕ್ಕೆ ಜಾಗವಿದೆ.