ನಿಜವಾದರೂ ಮೂರು ಪಣ

ಕಳೆದ ವೈಶಾಖದಲ್ಲಿ ಸುಳ್ಯದ ಸಮೀಪದ ನಮ್ಮ ಬಂಧುಗಳ ಮನೆಯಲ್ಲಿ ಒಂದು ಉಪನಯನವು ನೆರವೇರಿತು. ಸಾಯಂಕಾಲವಾಗುವಷ್ಟರಲ್ಲಿ ಅದರ ಚಿತ್ರಗಳು ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬಂದುವು. ಪುತ್ತೂರು, ಸುಳ್ಯ, ಕಡಬಗಳ ತೋಟದ ಮನೆಗಳವರೂ ಬೆಂಗಳೂರು, ಮುಂಬಯಿಗಳಲ್ಲಿ ನೆಲಸಿದವರೂ ಸೇರಿ ಅರುವತ್ತಕ್ಕೂ ಹೆಚ್ಚು ಮಂದಿ ಅದರಲ್ಲಿರುವರು. ಒಂದು ಚಿತ್ರದಲ್ಲಿ ನನ್ನ ಅಣ್ಣನ ಮಗಳು ಇದ್ದಳು. ಅದರ ಕೆಳಗೆ ಅವಳ ಸೋದರತ್ತೆಯು, “ಏನು ಕೂಸೇ, ಇಷ್ಟು ತೋರ ಆದ್ದು?” ಎಂದು ಬರೆದರು. ಮತ್ತೊಬ್ಬರು ಬೆಳಗ್ಗೆ ಬಿಸಿನೀರಿಗೆ ಜೇನು ಬೆರೆಸಿ ಕುಡಿಯೆಂದರು. ಸಂಸ್ಕೃತ ಕಲಿಸಿದ ಬಾಯಿಚಪಲವುಳ್ಳ ನಾನು, “ನಮ್ಮ ಚಂದ್ರಮುಖಿಯು ಈಗ ಪೂರ್ಣಿಮೆಗೆ ತಲುಪಿದಳು” ಎಂದು ಬರೆದು, ನಗುವ ಮುಖಗಳ ಗುರುತನ್ನು ಹತ್ತಾರು ಮಂದಿಯಿಂದ ಸಂಪಾದಿಸಿದೆನು.

ಆ ರಾತ್ರಿಯೇ ಅವಳು ಗ್ರೂಪನ್ನು ಬಿಟ್ಟಳು. ಕಾರಣವು ಮೂರು ವಾರಗಳ ಅನಂತರ ಅತ್ತಿಗೆಯಿಂದ ತಿಳಿಯಿತು. ಸಂಧಿವಾತಕ್ಕಾಗಿ ಅವಳು ಕೆಲವು ತಿಂಗಳುಗಳಿಂದ ಸ್ಟೀರಾಯ್ಡ್ ವರ್ಗದ ಮಾತ್ರೆಯನ್ನು ಸೇವಿಸುತ್ತಿದ್ದಳು. ಆ ಔಷಧದಿಂದ ಹಸಿವು ಹೆಚ್ಚುವುದು, ಕೊಬ್ಬು ಮುಖದಲ್ಲಿಯೂ ಹೊಟ್ಟೆಯಲ್ಲಿಯೂ ಸೇರುವುದು. ಮುಖವು ದುಂಡಗಾಗುವ ಆ ಲಕ್ಷಣವನ್ನು ವೈದ್ಯರು ಚಂದ್ರನ ಹೆಸರಿನಿಂದಲೇ ಕರೆಯುವರು. ನನ್ನ ಉಪಮೆಯು ಅವಳ ರೋಗದ ಹೆಸರನ್ನೇ ಊರಿಗೆ ಸಾರಿದಂತಾಗಿತ್ತು. ಚಿತ್ರದ ಕೆಳಗಣ ಮಾತುಗಳನ್ನು ಓದಿದ ಮರುದಿನ ಅವಳು ಯಾರನ್ನೂ ಕೇಳದೆ ಮಾತ್ರೆಯನ್ನು ನಿಲ್ಲಿಸಿಬಿಟ್ಟಳು. ಹಲವು ವಾರ ಇದನ್ನು ಸೇವಿಸಿದ ದೇಹವು ತಾನೇ ತಯಾರಿಸಬೇಕಾದ ರಸವನ್ನು ಕಡಿಮೆ ಮಾಡಿರುತ್ತದೆ. ಆದುದರಿಂದ ಇದನ್ನು ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸಬೇಕೇ ಹೊರತು ಥಟ್ಟನೆ ಬಿಡಲಾಗದು. ಆಕೆಗೆ ವಾಂತಿ, ತಲೆಸುತ್ತು, ನಿಶ್ಶಕ್ತಿಗಳು ಬಂದು ಆಸ್ಪತ್ರೆಗೆ ಒಯ್ಯಬೇಕಾಯಿತು. ದೈವಕೃಪೆಯಿಂದ ಗುಣವಾಯಿತು.

ನಾನು ಅತ್ತೆಯವರೊಡನೆ ಈ ವಿಷಯವನ್ನು ಎತ್ತಿದಾಗ ಅವರು, “ಇದ್ದದ್ದನ್ನು ಹೇಳಿದ್ದು, ಸುಳ್ಳು ಹೇಳಿದ್ದಲ್ಲ, ಪ್ರೀತಿಯಿಂದ ಹೇಳಿದ್ದು” ಎಂದರು. ಪ್ರೀತಿಯೆಂಬುದು ಸುಳ್ಳಲ್ಲ. ಘಟ್ಟದ ಬುಡದ ನಮ್ಮ ಊರುಗಳಲ್ಲಿ ಚಳಿಜ್ವರವೂ ಮಳೆಗಾಲದ ಅಭಾವವೂ ಇದ್ದ ಕಾಲದಲ್ಲಿ, ನೆಂಟರನ್ನು ಕಂಡೊಡನೆ “ಸಪೂರ ಆದೆಯಲ್ಲ” ಎನ್ನುವುದು ಕ್ಷೇಮಸಮಾಚಾರವೇ ಆಗಿತ್ತು. ಆದರೆ ಅದನ್ನು ಜಗಲಿಯಲ್ಲಿ ಕೈ ಹಿಡಿದು ಹೇಳುತ್ತಿದ್ದರು. ಕೇಳಿದವಳು ಉತ್ತರವನ್ನೂ ಕೊಡಬಹುದಾಗಿತ್ತು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅದೇ ಮಾತು ಅರುವತ್ತು ಮಂದಿಯ ಮುಂದೆ ಬರಹವಾಗಿ ನಿಂತರೆ, ಅವಳು ಫೋನನ್ನು ತೆರೆದಾಗಲೆಲ್ಲ ಮತ್ತೆ ಹೇಳಿದಂತಾಗುವುದು.

“ನಿಜವನ್ನೇ ಹೇಳಿದೆ” ಎಂಬ ಸಮಾಧಾನಕ್ಕೆ ಉತ್ತರವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುತ್ತದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಈ ಗ್ರಂಥದ ಮೂರನೆಯ ಅಧಿಕರಣದಲ್ಲಿ ವಾಕ್ಪಾರುಷ್ಯ, ಎಂದರೆ ಬಿರುನುಡಿ, ಎಂಬ ಪ್ರಕರಣವುಂಟು. ಕುರುಡ, ಕುಂಟ ಮುಂತಾಗಿ ಶರೀರವನ್ನು ಹಿಡಿದು ಆಡಿದ ಮಾತು ನಿಜವಾಗಿದ್ದರೆ ಮೂರು ಪಣ ದಂಡ. ಸುಳ್ಳಾಗಿದ್ದರೆ ಆರು ಪಣ. ಅಂಥವನನ್ನೇ “ಎಂತಹ ಸುಂದರವಾದ ಕಣ್ಣು!” ಎಂದು ಹೊಗಳಿಕೆಯ ವೇಷದಲ್ಲಿ ನಿಂದಿಸಿದರೆ ಹನ್ನೆರಡು ಪಣ. ಎಚ್ಚರ ತಪ್ಪಿ ಆಡಿದ್ದಾದರೆ ಅರ್ಧ ದಂಡವೆಂದಿದೆಯೇ ವಿನಾ ದಂಡವಿಲ್ಲವೆಂದಿಲ್ಲ. ಈ ಲೆಕ್ಕದಲ್ಲಿ ಅತ್ತೆಯವರದು ಮೂರು ಪಣದ ಅಪರಾಧ, ಚಂದ್ರನನ್ನು ಕರೆತಂದ ನನ್ನದು ಹನ್ನೆರಡು ಪಣದ್ದು. ಇದನ್ನು ಹೇಳಿದ ಮೇಲೆಯೇ ಅತ್ತೆಯವರು ನಕ್ಕು, ಆಮೇಲೆ ಸುಮ್ಮನಾದರು.

ಹಾಗಾದರೆ ನೊಂದವರು ಹೇಗೆ ಹೇಳಬೇಕು? ಹುಡುಗಿಯು ಗುಣವಾದ ಮೇಲೆ ನಾವು ಕುಳಿತು ಯೋಚಿಸಿ ಬರೆದ ಮಾತು ಇದು: “ಅತ್ತೇ, ಉಪನಯನದ ಚಿತ್ರದ ಕೆಳಗೆ ನೀವು ಬರೆದದ್ದನ್ನು ಓದಿದೆ. ನನ್ನ ಮೈ, ಬಣ್ಣಗಳ ವಿಷಯವನ್ನು ಗ್ರೂಪಿನಲ್ಲಿ ಬರೆಯಬೇಡಿ, ನನಗೆ ತುಂಬ ನೋವಾಗುತ್ತದೆ. ನನ್ನ ಆರೋಗ್ಯ ಕೇಳಬೇಕೆಂದು ಕಂಡರೆ ಫೋನು ಮಾಡಿ, ಸಂತೋಷದಿಂದ ಮಾತಾಡುತ್ತೇನೆ.” ಇದನ್ನು ಅತ್ತೆಯೊಬ್ಬರಿಗೇ ಕಳುಹಿಸಿದಳು. ಗ್ರೂಪಿನಲ್ಲಿಯೇ ಬರೆದಿದ್ದರೆ ಹಿರಿಯರಿಗೆ ಸಭೆಯಲ್ಲಿ ಅವಮಾನವಾಗಿ, ಉಳಿದವರು ಪಕ್ಷ ಹಿಡಿದು, ಮಾತು ತೂಕವನ್ನು ಬಿಟ್ಟು ಮರ್ಯಾದೆಗೆ ತಿರುಗುತ್ತಿತ್ತು.

ಔಷಧದ ಸುದ್ದಿಯನ್ನು ಅದರಲ್ಲಿ ಬೇಕೆಂದೇ ಬಿಟ್ಟೆವು. ಕಾರಣ ಹೇಳಿದರೆ ಬೇಡಿಕೆಯು ಚರ್ಚೆಯಾಗುವುದು. ಕಷಾಯ, ಪಥ್ಯ, ಪರಿಚಿತ ವೈದ್ಯರ ವಿಳಾಸ ಇವು ಹಿಂಬಾಲಿಸುವುವು. ಅಲ್ಲದೆ, ರೋಗವಿದ್ದವಳನ್ನು ಮಾತ್ರ ಬಿಡಬೇಕು, ಇಲ್ಲದವಳನ್ನು ಆಡಬಹುದು ಎಂಬ ಅರ್ಥವೂ ಹುಟ್ಟುವುದು. ಉತ್ತರವಾಗಿ “ನಿನ್ನ ಒಳ್ಳೆಯದಕ್ಕೇ ಹೇಳಿದ್ದು” ಎಂದು ಬಂದರೆ ವಾದಿಸದೆ, “ಗೊತ್ತುಂಟು ಅತ್ತೇ, ಆದರೂ ಅಲ್ಲಿ ಬರೆಯಬೇಡಿ” ಎಂದು ಹೇಳಿದರೆ ಸಾಕು.

ಆದರೆ ಕಿರಿಯಳು ಪ್ರತಿಯೊಬ್ಬರಿಗೂ ಹೀಗೆ ಬರೆಯುತ್ತಿರಬೇಕೆಂಬುದು ನ್ಯಾಯವಲ್ಲ; ಈ ಕೆಲಸವು ಹಿರಿಯರದು. ನಾನು ಗ್ರೂಪಿನಲ್ಲಿ ಯಾರ ಹೆಸರನ್ನೂ ಎತ್ತದೆ, “ನಾನು ಒಂದು ಚಿತ್ರದ ಕೆಳಗೆ ಪರಿಹಾಸ್ಯ ಮಾಡಿದ್ದು ತಪ್ಪಾಯಿತು. ಇನ್ನು ಮುಂದೆ ಯಾರ ದಪ್ಪ, ಸಪೂರ, ಬಣ್ಣ, ಕೂದಲುಗಳ ಮಾತೂ ಇಲ್ಲಿ ಬೇಡವೆಂದು ಪ್ರಾರ್ಥಿಸುತ್ತೇನೆ” ಎಂದು ಬರೆದೆನು. ತಪ್ಪನ್ನು ನನ್ನ ಮೇಲೆ ಹಾಕಿಕೊಂಡುದರಿಂದ ಯಾರಿಗೂ ಮುನಿಸಿಕೊಳ್ಳಲು ಅವಕಾಶವಾಗಲಿಲ್ಲ. ಗ್ರೂಪನ್ನು ನೋಡಿಕೊಳ್ಳುವ ಅಡ್ಮಿನ್ ಆದವನು ಯಾರ ಬರಹವನ್ನಾದರೂ ಎಲ್ಲರ ಫೋನಿನಿಂದ ಅಳಿಸಬಹುದು. ನಮ್ಮ ಅಡ್ಮಿನ್ ಆದ ಅಳಿಯನು ಅಂತಹದನ್ನು ಕಂಡೊಡನೆ ಅಳಿಸಿ, ಬರೆದವರಿಗೆ ಪ್ರತ್ಯೇಕವಾಗಿ ತಿಳಿಸುವೆನೆಂದು ಒಪ್ಪಿದನು. ಬರೆದವರು ತಮ್ಮ ಬರಹವನ್ನು ತಾವೇ ಅಳಿಸಲು ಎರಡು ದಿನಗಳಿಗಿಂತ ತುಸು ಹೆಚ್ಚು ಅವಧಿಯುಂಟು. ಅದು ಕಳೆದರೆ ಅವರ ಕೈಮೀರಿತು. ಆದರೆ ಅಳಿಸುವುದರೊಳಗೆ ಓದಿದವರ ನೆನಪನ್ನು ಅಳಿಸುವ ಗುಂಡಿಯಿಲ್ಲ.

ನಿಯಮವು ಒಮ್ಮೆ ಮುರಿಯಿತು, ಅದೂ ಹೊಗಳಿಕೆಯಿಂದ. ಮತ್ತೊಬ್ಬ ಹುಡುಗಿಯ ಚಿತ್ರಕ್ಕೆ ಯಾರೋ, “ಈಗ ಸಪೂರ ಆಗಿ ಚಂದ ಕಾಣುತ್ತೀ” ಎಂದರು. ಮೊದಲು ಚಂದವಿರಲಿಲ್ಲವೆಂಬ ಮಾತು ಅದರೊಳಗೆ ಅಡಗಿದೆ. ಅವಳು ಕಾಯಿಲೆಯಿಂದ ಇಳಿದಿದ್ದಾಳೋ ಎಂಬುದನ್ನು ಹೇಳಿದವರು ಅರಿಯರು. ಅಳಿಯನು ಅದನ್ನೂ ಅಳಿಸಿದನು. ಬರೆದವರು ಎರಡು ವಾರ ಅವನೊಡನೆ ಮಾತು ಬಿಟ್ಟರು. ಆಮೇಲೆ ಅಡಿಕೆಯ ಧಾರಣೆ ಕೇಳಲು ತಾವೇ ಫೋನು ಮಾಡಿದರು.

ಅಣ್ಣನ ಮಗಳು ಇನ್ನೂ ಗ್ರೂಪಿಗೆ ಮರಳಿಲ್ಲ, ನಾವೂ ಒತ್ತಾಯಿಸಿಲ್ಲ. ನವರಾತ್ರಿಯಲ್ಲಿ ಮನೆಗೆ ಬಂದಳು. ಮುಖವು ಇನ್ನೂ ದುಂಡಗೇ ಇತ್ತು. ಬಾಗಿಲಲ್ಲಿ ಕಂಡೊಡನೆ ನನ್ನ ನಾಲಗೆಯ ತುದಿಗೆ ಏನೋ ಬಂತು, ನುಂಗಿಕೊಂಡು, “ಬಾ ಮಗಾ, ಪ್ರಯಾಣ ಸುಖವಾಯಿತೇ?” ಎಂದೆನು. ಅವಳು, “ಆಯಿತು ಚಿಕ್ಕಪ್ಪಾ” ಎಂದು ಚಪ್ಪಲಿ ಬಿಚ್ಚಿ, ಕೈಕಾಲು ತೊಳೆದು ಒಳಗೆ ಬಂದಳು.